‘ನಾಳೆ ಲೀವ್ ಇಲ್ಲ’ — ಇದು ಯಾವ ಭಾಷೆ?
ಬೆರಕೆ ಕನ್ನಡದ ಸಂದೇಶಗಳ ಮುಂದೆ ಯಂತ್ರವೂ ಮನುಷ್ಯನೂ ತಡವರಿಸುವುದೇಕೆ

ಕೈಫೋನಿನಲ್ಲಿ ನಾವು ದಿನವೂ ಬರೆಯುವ ಸಂದೇಶಗಳಲ್ಲಿ ಅನೇಕವನ್ನು ಮನುಷ್ಯರಿಗಿಂತ ಮೊದಲು ಯಂತ್ರಗಳು ಓದುತ್ತವೆ. ಇದು ಯಾವ ಭಾಷೆ, ಇದರಲ್ಲಿ ಬೈಗುಳವಿದೆಯೇ, ಮೆಚ್ಚುಗೆಯಿದೆಯೇ, ಇದನ್ನು ತೋರಿಸಬಹುದೇ ಅಡಗಿಸಬೇಕೇ ಎಂದು ತೀರ್ಮಾನಿಸುವ ತಂತ್ರಾಂಶಗಳು ಇಂದು ಸಾರ್ವಜನಿಕ ಜಾಲತಾಣಗಳಲ್ಲೆಲ್ಲ ಕೆಲಸ ಮಾಡುತ್ತಿವೆ. ಕನ್ನಡವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಮೊದಲನೆಯ ಪ್ರಶ್ನೆಗೆ ಅವು ಕ್ಷಣದಲ್ಲಿ ಉತ್ತರ ಹೇಳುತ್ತವೆ. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ, ನಡುನಡುವೆ ಇಂಗ್ಲಿಷ್ ಪದಗಳನ್ನು ಬೆರೆಸಿ ಬರೆದ ಕನ್ನಡದ ಮುಂದೆ ಅವು ಎಡವುತ್ತವೆ. ಯಂತ್ರ ಎಡವುವುದರಲ್ಲಿ ಆಶ್ಚರ್ಯವಿಲ್ಲವೆಂದು ವಾಚಕರು ಹೇಳಬಹುದು. ಆದರೆ ಅದೇ ಸಂದೇಶಗಳನ್ನು ಓದುಬಲ್ಲ ಕನ್ನಡಿಗರ ಕೈಗೆ ಕೊಟ್ಟರೂ ಅವರೊಳಗೆ ಒಮ್ಮತ ಮೂಡುವುದಿಲ್ಲ. ಈ ಗೊಂದಲದ ಬೇರುಗಳು ಎಲ್ಲಿವೆ ಎಂಬುದನ್ನು ಒಂದೆರಡು ಸಂದೇಶಗಳನ್ನು ಬಿಡಿಸಿ ನೋಡುವುದರ ಮೂಲಕ ತಿಳಿಯೋಣ. ಗಡಿಯಾಚೆ ಬಾಳುವ ನಮಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಇಲ್ಲಿ ತಪ್ಪಾಗುವ ಪ್ರತಿಯೊಂದು ತೀರ್ಪಿನಲ್ಲೂ ನಮ್ಮ ಮಾತು ಕನ್ನಡದ ಲೆಕ್ಕದಿಂದ ಹೊರಗೆ ಬೀಳುವ ಸಂಭವವಿದೆ.

ಒಂದು ಸಂದೇಶ, ಮೂರು ಲೆಕ್ಕ

ಮಳೆಗಾಲದಲ್ಲಿ ಕಾಸರಗೋಡಿನ ಕಡೆಯ ಯಾವ ಶಾಲೆಯ ಪಾಲಕರ ಬಳಗದಲ್ಲಾದರೂ ಕಾಣಬಹುದಾದ ಸಂದೇಶವೊಂದನ್ನು ತೆಗೆದುಕೊಳ್ಳೋಣ.

```
Sir naale male jasti idre school leave kodtira?
hole tumbide, makkalu hege barodu
```

‘ಸಾರ್, ನಾಳೆ ಮಳೆ ಜಾಸ್ತಿ ಇದ್ರೆ ಸ್ಕೂಲ್ ಲೀವ್ ಕೊಡ್ತೀರಾ? ಹೊಳೆ ತುಂಬಿದೆ, ಮಕ್ಕಳು ಹೇಗೆ ಬರೋದು’ ಎಂದು ನಾವು ಸಲೀಸಾಗಿ ಓದುತ್ತೇವೆ. ಇದರಲ್ಲಿ ಹದಿಮೂರು ಪದಗಳಿವೆ. ಇವುಗಳಲ್ಲಿ ಇಂಗ್ಲಿಷ್ ಪದಗಳೆಷ್ಟು?

ಇಂಗ್ಲಿಷ್ ನಿಘಂಟನ್ನು ಮುಂದಿಟ್ಟುಕೊಂಡು ಒಂದೊಂದೇ ಪದವನ್ನು ಹುಡುಕುವ ಸರಳ ಯಂತ್ರವು ಐದು ಎನ್ನುತ್ತದೆ. `Sir`, `school`, `leave` ಸರಿಯೇ. ಅದರೊಡನೆ `male` ಮತ್ತು `hole` ಕೂಡ ಇಂಗ್ಲಿಷ್ ನಿಘಂಟಿನಲ್ಲಿವೆ. ಒಂದಕ್ಕೆ ಗಂಡು ಎಂದೂ ಇನ್ನೊಂದಕ್ಕೆ ತೂತು ಎಂದೂ ಅರ್ಥ. ಮಳೆಯೂ ಹೊಳೆಯೂ ಹೀಗೆ ಒಂದೇ ಏಟಿಗೆ ಮಾಯವಾದವು. ಕನ್ನಡ ಬಲ್ಲ ಸಾಮಾನ್ಯ ಓದುಗನು ಮೂರು ಎನ್ನುತ್ತಾನೆ. ಇನ್ನೊಬ್ಬ ಓದುಗನು, ಬಹುಶಃ ಸ್ವಲ್ಪ ವ್ಯಾಕರಣ ಬಲ್ಲವನು, ಒಂದೂ ಇಲ್ಲ ಎಂದರೂ ಅದನ್ನು ತಳ್ಳಿಹಾಕುವಂತಿಲ್ಲ. ‘ಜಾಸ್ತಿ’ ಹಿಂದೂಸ್ತಾನಿಯಿಂದ ಬಂದದ್ದೆಂದು ಯಾರೂ ಅದನ್ನು ಪರಭಾಷೆಯೆನ್ನುವುದಿಲ್ಲ. ಹಾಗಿರುವಾಗ ನಮ್ಮ ಅಜ್ಜಂದಿರ ಕಾಲದಿಂದ ಹಳ್ಳಿಯ ಬಾಯಲ್ಲಿ ಆಡುತ್ತಿರುವ ‘ಸ್ಕೂಲು’ ಮಾತ್ರ ಏಕೆ ಹೊರಗಿನದು ಎಂಬುದು ಅವನ ವಾದ.

ಐದು, ಮೂರು, ಸೊನ್ನೆ. ಈ ಮೂರು ಉತ್ತರಗಳಲ್ಲಿ ಮೊದಲನೆಯದು ಮಾತ್ರ ತಪ್ಪು. ಉಳಿದೆರಡು, ‘ಇಂಗ್ಲಿಷ್ ಪದ’ ಎಂದರೇನು ಎಂಬ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು. ಆದ್ದರಿಂದ ಯಂತ್ರದ ಗೊಂದಲವೂ ಮನುಷ್ಯನ ಗೊಂದಲವೂ ಒಂದೇ ಬಗೆಯವಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಪರಿಶೀಲಿಸಬೇಕು.

ಲಿಪಿಯೊಡನೆ ಕಳೆದುಹೋಗುವುದೇನು

ಕನ್ನಡ ಲಿಪಿಯು ಹ್ರಸ್ವ ದೀರ್ಘಗಳನ್ನೂ, ಲ ಮತ್ತು ಳ, ನ ಮತ್ತು ಣ, ತ ಮತ್ತು ಟ ಇವುಗಳ ಭೇದವನ್ನೂ ಸ್ಪಷ್ಟವಾಗಿ ಕಾಪಾಡುತ್ತದೆ. ರೋಮನ್ ಅಕ್ಷರಗಳಲ್ಲಿ ಬೆರಳಿಗೆ ಬಂದಂತೆ ಬರೆಯುವಾಗ ಈ ಭೇದಗಳೆಲ್ಲ ಅಳಿಯುತ್ತವೆ. `bale` ಎಂಬ ನಾಲ್ಕು ಅಕ್ಷರಗಳನ್ನು ನೋಡಿ. ಇದು ಮೀನು ಹಿಡಿಯುವ ಬಲೆ ಇರಬಹುದು, ಕೈಯ ಬಳೆ ಇರಬಹುದು, ತೋಟದ ಬಾಳೆ ಇರಬಹುದು, ಬಾಲೆಯೂ ಇರಬಹುದು. ಇವು ನಾಲ್ಕೂ ಸಾಲದೆಂಬಂತೆ ಹತ್ತಿಯ ಕಟ್ಟಿಗೆ ಹೇಳುವ ಇಂಗ್ಲಿಷ್ ಪದವೂ ಇದೇ. ಅನ್ನವೂ ಅಣ್ಣನೂ `anna` ಆಗುತ್ತಾರೆ. ಓದುವ ಮನುಷ್ಯನು ಅಕ್ಕಪಕ್ಕದ ಮಾತಿನಿಂದ ಇದನ್ನು ಸರಿಪಡಿಸಿಕೊಳ್ಳುತ್ತಾನೆ. ಊಟಕ್ಕೆ ಬಡಿಸಿದ್ದು ಅನ್ನ, ಊರಿನಿಂದ ಬಂದವನು ಅಣ್ಣ ಎಂಬುದರಲ್ಲಿ ಅವನಿಗೆ ಸಂಶಯವಿಲ್ಲ. ಯಂತ್ರವೂ ಅಕ್ಕಪಕ್ಕದ ಪದಗಳನ್ನು ನೋಡಬಲ್ಲದು. ಆದರೆ ಆ ಅಕ್ಕಪಕ್ಕದ ಪದಗಳೂ ಇದೇ ರೀತಿ ಅಸ್ಪಷ್ಟವಾಗಿದ್ದರೆ ಅದಕ್ಕೆ ಊರುಗೋಲು ಉಳಿಯುವುದಿಲ್ಲ.

ಎರಡನೆಯ ತೊಂದರೆ ಕಾಗುಣಿತದ್ದು. ಕನ್ನಡ ಲಿಪಿಯಲ್ಲಿ ‘ಚೆನ್ನಾಗಿದೆ’ ಎಂಬುದಕ್ಕೆ ಸಾಮಾನ್ಯವಾಗಿ ಒಂದೇ ರೂಪ. ರೋಮನ್‌ನಲ್ಲಿ ಮೊದಲ ಅಕ್ಷರವನ್ನು `che` ಎಂದೋ `cha` ಎಂದೋ ಬರೆಯುತ್ತಾರೆ. ಮುಂದಿನದಕ್ಕೆ ಒಂದು `n` ಅಥವಾ ಎರಡು. ದೀರ್ಘಕ್ಕೆ ಒಂದು `a` ಅಥವಾ ಎರಡು. ಕೊನೆಯಲ್ಲಿ `de` ಅಥವಾ `dhe`. ಎರಡರಂತೆ ನಾಲ್ಕು ಕಡೆ ಆಯ್ಕೆಯಿದ್ದರೆ ಗುಣಿಸಿದಾಗ ಹದಿನಾರು ರೂಪಗಳಾಗುತ್ತವೆ. `chennagide` ಎಂಬುದನ್ನು ನೂರು ಸಲ ಕಂಡ ಯಂತ್ರವು `chanaagidhe` ಎಂಬುದನ್ನು ಒಮ್ಮೆಯೂ ಕಂಡಿರಲಾರದು. ನಮಗೆ ಅದು ಒಂದೇ ಮಾತು. ಯಂತ್ರಕ್ಕೆ ಅದು ಹೊಸ ಮುಖ.

ಮೂರನೆಯದು ನಮ್ಮ ವ್ಯಾಕರಣದಿಂದಲೇ ಬಂದದ್ದು. ಕನ್ನಡವು ಹೊರಗಿನ ಪದವನ್ನು ಬರಮಾಡಿಕೊಂಡ ಕೂಡಲೇ ಅದಕ್ಕೆ ತನ್ನ ಪ್ರತ್ಯಯವನ್ನು ತೊಡಿಸುತ್ತದೆ. ಬಸ್ಸು, ಬಸ್ಸಿನಲ್ಲಿ, ಸ್ಕೂಲಿಂದ, ಲೀವಿಗೆ ಎಂದು ನಾವು ಸಹಜವಾಗಿ ಹೇಳುತ್ತೇವೆ. `busalli` ಎಂಬ ಒಂದೇ ಪದದ ತಲೆ ಇಂಗ್ಲಿಷಿನದು, ಬಾಲ ಕನ್ನಡದ್ದು. ಇಂದಿನ ತಂತ್ರಾಂಶಗಳು ಪದವನ್ನು ಇಡಿಯಾಗಿ ನೋಡದೆ, ತಾವು ಹಿಂದೆ ಹೆಚ್ಚಾಗಿ ಕಂಡ ಅಕ್ಷರಗುಂಪುಗಳಾಗಿ ಅದನ್ನು ಕತ್ತರಿಸಿ ನೋಡುತ್ತವೆ. `bus` ಮತ್ತು `alli` ಎಂದು ಕತ್ತರಿಸಿದರೆ ಅರ್ಥ ಉಳಿಯಿತು. ಇಂಗ್ಲಿಷ್ ಬರಹವನ್ನೇ ಹೆಚ್ಚಾಗಿ ಕಂಡ ಕತ್ತರಿಯು `busa` ಎಂದೋ `lli` ಎಂದೋ ಬೇರೆಡೆ ಕಡಿದರೆ, ವಿಭಕ್ತಿಯೂ ಹೋಯಿತು, ಪದವೂ ಹೋಯಿತು.

ಯಂತ್ರವು ಕಲಿಯುವ ಪಾಠಪುಸ್ತಕದಲ್ಲಿಯೇ ಇಂತಹ ಕನ್ನಡ ಕಡಿಮೆ ಎಂಬುದೂ ಒಂದು ಕಾರಣ. 2019ರಲ್ಲಿ ಫೇಸ್‌ಬುಕ್ ಸಂಸ್ಥೆಯ ಸಂಶೋಧಕರು ನೂರು ಭಾಷೆಗಳ ಬರಹವನ್ನು ಉಣಿಸಿ XLM-R ಎಂಬ ಪ್ರಸಿದ್ಧ ಮಾದರಿಯನ್ನು ತಯಾರಿಸಿದರು. ಅದರಲ್ಲಿ ಕನ್ನಡ ಲಿಪಿಯ ಕನ್ನಡವಿದೆ. ಹಿಂದಿ, ಬಂಗಾಳಿ, ತಮಿಳು, ತೆಲುಗು, ಉರ್ದು ಈ ಐದು ಭಾಷೆಗಳಿಗೆ ರೋಮನ್ ಅಕ್ಷರದ ಬರಹವನ್ನೂ ಬೇರೆಯಾಗಿ ಸೇರಿಸಿದರು. ರೋಮನ್ ಅಕ್ಷರದ ಕನ್ನಡಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ತಾನು ಕಲಿಯದ ರೂಪವನ್ನು ಕಂಡ ಯಂತ್ರವು ‘ತಿಳಿಯದು’ ಎಂದು ಸುಮ್ಮನಿರುವುದು ಅಪರೂಪ. ತನಗೆ ತಿಳಿದ ಭಾಷೆಗಳಲ್ಲಿಯೇ ಹತ್ತಿರವಾಗಿ ಕಾಣುವ ಒಂದನ್ನು ಆರಿಸುತ್ತದೆ. ರೋಮನ್ ಅಕ್ಷರದ ಕನ್ನಡವು ಇಂಡೊನೇಷಿಯಾದ ಭಾಷೆಯೆಂದೋ ಆಫ್ರಿಕದ ಸ್ವಾಹಿಲಿಯೆಂದೋ ದಾಖಲಾಗುವುದು ಹೀಗೆ. ಈ ಕೊರತೆಯನ್ನು ತುಂಬುವ ಯತ್ನಗಳೂ ನಡೆದಿವೆ. ಮದರಾಸಿನ ಐಐಟಿಯ ಎಐ4ಭಾರತ್ ಬಳಗದವರು 2023ರಲ್ಲಿ ಪ್ರಕಟಿಸಿದ ಭಾಷೆ ಗುರುತಿಸುವ ಸಾಧನವು ಭಾರತದ ಭಾಷೆಗಳನ್ನು ಸ್ವಂತ ಲಿಪಿಯಲ್ಲಿಯೂ ರೋಮನ್‌ನಲ್ಲಿಯೂ ಗುರುತಿಸಲು ಹವಣಿಸುತ್ತದೆ. ಸ್ವಂತ ಲಿಪಿಯಲ್ಲಿ ಅದಕ್ಕಿರುವ ಖಚಿತತೆ ರೋಮನ್‌ನಲ್ಲಿ ಇಲ್ಲ.

ಗಡಿಯಲ್ಲಿ ಇನ್ನೊಂದು ತೊಡಕು

ಬೆಂಗಳೂರಿನಲ್ಲಿ ಕುಳಿತವರಿಗೆ ಕಾಣದ ತೊಡಕೊಂದು ನಮ್ಮ ಕಡೆಯಲ್ಲಿದೆ. ಶೀರ್ಷಿಕೆಯಲ್ಲಿರುವ ಸಂದೇಶವನ್ನು ರೋಮನ್‌ನಲ್ಲಿ ಬರೆದು ನೋಡಿ.

```
Naale leave illa
```

ನಾಳೆ ಎಂಬುದು ಕನ್ನಡಕ್ಕೂ ಮಲೆಯಾಳಕ್ಕೂ ಸಮಾನ. ಇಲ್ಲ ಎಂಬುದೂ ಎರಡಕ್ಕೂ ಸಮಾನ. ಲೀವ್ ಎಂಬುದನ್ನು ಎರಡು ಭಾಷೆಯವರೂ ಇಂಗ್ಲಿಷಿನಿಂದ ತಂದುಕೊಂಡಿದ್ದಾರೆ. ಕಾಸರಗೋಡಿನ ಒಬ್ಬ ಅಧ್ಯಾಪಕರು ಇದನ್ನು ಕನ್ನಡದಲ್ಲಿ ಬರೆದಿರಬಹುದು, ಪಕ್ಕದ ಕೊಠಡಿಯ ಅಧ್ಯಾಪಕರು ಮಲೆಯಾಳದಲ್ಲಿ ಬರೆದಿರಬಹುದು. ಬರಹದಲ್ಲಿ ಒಂದಕ್ಷರವೂ ವ್ಯತ್ಯಾಸವಿರುವುದಿಲ್ಲ. ಯಾವ ಯಂತ್ರವೂ, ಯಾವ ಪಂಡಿತನೂ ಈ ಮೂರು ಪದಗಳನ್ನಷ್ಟೇ ನೋಡಿ ಇದು ಕನ್ನಡವೇ ಎಂದು ಹೇಳಲಾರರು. ಸ್ವಂತ ಲಿಪಿಯಲ್ಲಿ ಬರೆದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಹೊಸೂರಿನ ಕಡೆಯವರು `Bus illa` ಎಂಬುದನ್ನು ಪರೀಕ್ಷಿಸಬಹುದು. ಆಡುಮಾತಿನ ತಮಿಳಿಗೂ ಅದು ಸಲ್ಲುತ್ತದೆ, ಮಲೆಯಾಳಕ್ಕೂ ಕನ್ನಡಕ್ಕೂ ಸಲ್ಲುತ್ತದೆ. ಮೂರು ರಾಜ್ಯಗಳ ಬಸ್ ನಿಲ್ದಾಣಗಳಲ್ಲಿ ಮೂರು ಭಾಷೆಯವರು ಒಂದೇ ಸಂದೇಶವನ್ನು ಟೈಪ್ ಮಾಡುತ್ತಿದ್ದಾರೆ. ಪೆನ್ ಎಂಬ ಇಂಗ್ಲಿಷ್ ಪದಕ್ಕೆ ಉಕಾರ ಸೇರಿಸಿ ನಾವು ‘ಪೆನ್ನು’ ಎನ್ನುತ್ತೇವೆ. ಅದನ್ನೇ `pennu` ಎಂದು ಬರೆದಾಗ ಮಲೆಯಾಳದ ಓದುಗನಿಗೆ ಕಾಣುವುದು ಹೆಣ್ಣು. ‘ಪೆನ್ನು ಕಳೆದುಹೋಯಿತು’ ಎಂಬ ಹುಡುಗನ ಸಂದೇಶದ ಮೊದಲ ಪದವನ್ನು ಅವನು ಎಂತು ಓದಿಕೊಳ್ಳುತ್ತಾನೆಂಬುದನ್ನು ವಾಚಕರೇ ಊಹಿಸಲಿ.

ಇದರ ಪರಿಣಾಮ ನಗೆಯಲ್ಲಿ ಮುಗಿಯುವುದಿಲ್ಲ. ಯಂತ್ರಗಳಿಗೆ ಕಲಿಸಲು ಸಂದೇಶಗಳನ್ನು ಸಂಗ್ರಹಿಸುವಾಗ, ‘ಇದು ಕನ್ನಡವಲ್ಲ’ ಎಂಬ ಚೀಟಿಯನ್ನು ಅಂಟಿಸಿ ಕೆಲವನ್ನು ಬದಿಗಿರಿಸುವ ಕ್ರಮವಿದೆ. ತುಳು ಪದ ಬೆರೆತ ಕನ್ನಡ, ಮಲೆಯಾಳ ಬೆರೆತ ಕನ್ನಡ, ಸೊಲ್ಲಾಪುರದ ಮರಾಠಿ ಬೆರೆತ ಕನ್ನಡ, ಹವ್ಯಕರ ಮನೆಮಾತು ಇವೆಲ್ಲ ಆ ಬದಿಗೆ ಸರಿಯುವ ಸಂಭವ ಹೆಚ್ಚು. ಹಾಗೆ ಸರಿದ ಮಾತನ್ನು ಯಂತ್ರವು ಕಲಿಯುವುದಿಲ್ಲ. ಕಲಿಯದ ಮಾತನ್ನು ಮುಂದೆ ಕಂಡಾಗ ‘ಕನ್ನಡವಲ್ಲ’ ಎಂದೇ ಹೇಳುತ್ತದೆ. ಒಂದು ಸಲದ ತಪ್ಪು ಹೀಗೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಮನುಷ್ಯ ತೀರ್ಪುಗಾರರ ಪಾಡು

ಯಂತ್ರಕ್ಕೆ ಕಲಿಸುವವರು ಮನುಷ್ಯರೇ. 2020ರಲ್ಲಿ ಅದೀಪ್ ಹಂದೆ, ರೂಬಾ ಪ್ರಿಯದರ್ಶಿನಿ, ಭಾರತಿ ರಾಜಾ ಚಕ್ರವರ್ತಿ ಎಂಬ ಸಂಶೋಧಕರು KanCMD ಎಂಬ ಸಂಗ್ರಹವನ್ನು ಪ್ರಕಟಿಸಿದರು. ಯೂಟ್ಯೂಬಿನ ಚಿತ್ರಗಳ ಕೆಳಗೆ ಜನರು ಬರೆದ ಕನ್ನಡ ಇಂಗ್ಲಿಷ್ ಬೆರಕೆಯ ಏಳು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳು ಅದರಲ್ಲಿವೆ. ಪ್ರತಿಯೊಂದು ಟಿಪ್ಪಣಿಯನ್ನೂ ಮನುಷ್ಯರು ಓದಿ, ಭಾವ ಒಳ್ಳೆಯದೇ ಕೆಟ್ಟದ್ದೇ ಮಿಶ್ರವೇ ಎಂದೂ, ನಿಂದನೆ ಇದೆಯೇ, ಇದ್ದರೆ ಅದು ಒಬ್ಬ ವ್ಯಕ್ತಿಯ ಮೇಲೋ ಒಂದು ಗುಂಪಿನ ಮೇಲೋ ಎಂದೂ ಗುರುತು ಹಾಕಿದ್ದಾರೆ. ಮೇಲೆ ಹೇಳಿದ ‘ಕನ್ನಡವಲ್ಲ’ ಎಂಬ ಚೀಟಿಯೂ ಅಲ್ಲಿದೆ. ಯಂತ್ರಕ್ಕೆ ಈ ಗುರುತುಗಳೇ ಉತ್ತರಪತ್ರ. ಉತ್ತರಪತ್ರವನ್ನು ಬರೆದವರೊಳಗೇ ಭಿನ್ನಾಭಿಪ್ರಾಯವಿದ್ದರೆ ವಿದ್ಯಾರ್ಥಿಯ ಗತಿಯೇನು?

ಭಿನ್ನಾಭಿಪ್ರಾಯ ಹೇಗೆ ಹುಟ್ಟುತ್ತದೆಂಬುದನ್ನು ಒಂದು ಸಣ್ಣ ಪ್ರಯೋಗದಿಂದ ಕಂಡುಕೊಂಡೆವು. ಆಟದ ಪಂದ್ಯಕ್ಕೆ ಬಾರದ ಗೆಳೆಯನಿಗೆ ಒಬ್ಬ ಯುವಕನು ಬರೆದಂತಿರುವ ಈ ಸಂದೇಶವನ್ನು ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಸಹೋದ್ಯೋಗಿಗಳ ಮುಂದಿಟ್ಟೆವು.

```
Yaakle barlilla? neenu waste body, match hoytu
```

ಸಂದರ್ಭವನ್ನು ಮಾತ್ರ ಹೇಳಲಿಲ್ಲ. ಊರಿನವರೇ ಆದ ಹಿರಿಯ ಅಧ್ಯಾಪಕರು ‘ಇದು ಸ್ಪಷ್ಟವಾದ ನಿಂದನೆ’ ಎಂದರು. ‘ಯಾಕ್ಲೇ’ ಎಂಬ ಸಂಬೋಧನೆಯೇ ಅವರಿಗೆ ಒರಟಾಗಿ ಕೇಳಿಸಿತು. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ಅಧ್ಯಾಪಿಕೆಯೊಬ್ಬರು ನಕ್ಕರು. “ನಮ್ಮ ಕಡಿ ಗೆಳ್ಯಾರು ಲೇ ಅನ್ನದ ಮತ್ತೇನಂತಾರ್ರೀ ಸರ್? ಇದರಾಗ ಬೈಗುಳ ಏನೈತಿ?” ಎಂಬುದು ಅವರ ತೀರ್ಪು. ಕಿರಿಯ ಅಧ್ಯಾಪಕರು “ಬರೆದದ್ದು ಯಾರು, ಯಾರಿಗೆ, ಅದನ್ನು ಮೊದಲು ಹೇಳಿ ಸರ್” ಎಂದರು. ಮೂವರೂ ಕನ್ನಡ ಬಲ್ಲವರು, ಮೂವರ ಉತ್ತರವೂ ಬೇರೆ. ಮೂರನೆಯವರ ಮಾತೇ ಸರಿಯಾದ ದಾರಿಯೆಂದು ನಮಗನಿಸಿತು. ಆದರೆ ಗುರುತು ಹಾಕುವ ಕೆಲಸದಲ್ಲಿ ತೀರ್ಪುಗಾರನ ಮುಂದೆ ಅನೇಕ ವೇಳೆ ಬರುವುದು ಬಿಡಿ ಸಂದೇಶ ಮಾತ್ರ. ಹಿಂದಿನ ಮಾತೂ ಮುಂದಿನ ಮಾತೂ ಇರುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದುದು ಕನ್ನಡದ ಗೌರವ ವಾಚಕ. `HM bandra` ಎಂದು ಒಬ್ಬ ವಿದ್ಯಾರ್ಥಿ ಬರೆದರೆ ಮುಖ್ಯೋಪಾಧ್ಯಾಯರು ಬಂದರೇ ಎಂಬ ಮರ್ಯಾದೆಯ ಪ್ರಶ್ನೆ. `HM bandna` ಎಂದು ಬರೆದರೆ ಬಂದನೇ ಎಂಬ ತಾತ್ಸಾರ. ನಡುವಿನ ಒಂದಕ್ಷರದಲ್ಲಿ ಗೌರವವೂ ಅಗೌರವವೂ ಅಡಗಿವೆ. ಇಡೀ ಸಂದೇಶದಲ್ಲಿ ಕೆಟ್ಟ ಪದ ಒಂದೂ ಇಲ್ಲ. ಕೆಟ್ಟ ಪದಗಳ ಪಟ್ಟಿಯನ್ನು ಹಿಡಿದು ಹುಡುಕುವ ಯಂತ್ರವು ಎರಡನ್ನೂ ಬಿಟ್ಟುಬಿಡುತ್ತದೆ. ವ್ಯತಿರಿಕ್ತವಾಗಿ, ಚಲನಚಿತ್ರವನ್ನು ಮೆಚ್ಚಿದ ಹುಡುಗನು `benki guru` ಎಂದರೆ, ಬೆಂಕಿ ಎಂಬ ಪದವನ್ನು ಅನಾಹುತಗಳ ಸುದ್ದಿಯಲ್ಲಿಯೇ ಕಂಡ ಯಂತ್ರಕ್ಕೆ ಅದು ಕೆಟ್ಟ ಭಾವವಾಗಿ ತೋರುತ್ತದೆ. ವಯಸ್ಸಾದ ತೀರ್ಪುಗಾರನಿಗೂ ಹಾಗೆಯೇ ತೋರಿದರೆ ಅಚ್ಚರಿಯಿಲ್ಲ. ಹುಡುಗನ ಓರಗೆಯವನಿಗೆ ಮಾತ್ರ ಅದು ಮೆಚ್ಚುಗೆಯ ಪರಮಾವಧಿ. ಇಂಗ್ಲಿಷ್ ಬೆರೆತಾಗ ಗೌರವದ ಅಳತೆಗೋಲು ಇನ್ನಷ್ಟು ಮಸುಕಾಗುತ್ತದೆ. ಇಂಗ್ಲಿಷಿನ ಯೂ ಎಂಬುದು ನೀನೂ ಅಲ್ಲ, ನೀವೂ ಅಲ್ಲ. ಅದರ ಹಿಂದೆ ಯಾವ ಭಾವವಿದೆಯೆಂಬುದನ್ನು ಓದುವವನೇ ತುಂಬಿಕೊಳ್ಳಬೇಕು.

ನೂರಕ್ಕೆ ಎಂಬತ್ತನಾಲ್ಕು ಎಂದರೆ ಎಷ್ಟು?

ಶಿಕ್ಷಕ ತರಬೇತಿಯಲ್ಲಿ ಒಂದೇ ಪ್ರಬಂಧವನ್ನು ಇಬ್ಬರು ಪರೀಕ್ಷಕರಿಗೆ ಕೊಟ್ಟು ಅಂಕಗಳ ಅಂತರವನ್ನು ನೋಡುವ ಅಭ್ಯಾಸವನ್ನು ನಮ್ಮಿಂದ ಮಾಡಿಸಿದ್ದರು. ಬೆರಕೆ ಸಂದೇಶಗಳ ತೀರ್ಪುಗಾರರಿಗೂ ಇದೇ ಪರೀಕ್ಷೆಯನ್ನು ಒಡ್ಡುತ್ತಾರೆ. ಆದರೆ ಇಲ್ಲಿ ಒಂದು ಮೋಸವಿದೆ. ಲೆಕ್ಕದ ಅನುಕೂಲಕ್ಕಾಗಿ ಹೀಗೆ ಊಹಿಸೋಣ. ನೂರು ಸಂದೇಶಗಳಿವೆ. ಇಬ್ಬರು ತೀರ್ಪುಗಾರರೂ ತಲಾ ಎಂಬತ್ತಕ್ಕೆ ‘ನಿಂದನೆಯಿಲ್ಲ’ ಎಂದೂ ಇಪ್ಪತ್ತಕ್ಕೆ ‘ನಿಂದನೆ’ ಎಂದೂ ಗುರುತು ಹಾಕಿದರು. ಎಂಬತ್ತನಾಲ್ಕು ಸಂದೇಶಗಳಲ್ಲಿ ಇಬ್ಬರ ಗುರುತೂ ಒಂದೇ ಆಯಿತು. ನೂರಕ್ಕೆ ಎಂಬತ್ತನಾಲ್ಕು ಎಂದರೆ ಉತ್ತಮ ದರ್ಜೆಯಲ್ಲವೇ?

ಅಲ್ಲ. ಇಬ್ಬರೂ ಸಂದೇಶಗಳನ್ನು ಓದದೆಯೇ, ಕಣ್ಣು ಮುಚ್ಚಿ, ಎಂಬತ್ತಕ್ಕೂ ಇಪ್ಪತ್ತಕ್ಕೂ ಚೀಟಿ ಹಂಚಿದ್ದರೂ ಎಷ್ಟೋ ಕಡೆ ಗುರುತುಗಳು ಹೊಂದುತ್ತಿದ್ದವು. 0.8ನ್ನು 0.8ರಿಂದ ಗುಣಿಸಿದರೆ 0.64, 0.2ನ್ನು 0.2ರಿಂದ ಗುಣಿಸಿದರೆ 0.04, ಕೂಡಿಸಿದರೆ 0.68. ಅರ್ಥಾತ್ ನೂರಕ್ಕೆ ಅರವತ್ತೆಂಟು ಹೊಂದಾಣಿಕೆ ಬರಿಯ ಆಕಸ್ಮಿಕದಿಂದಲೇ ದೊರೆಯುತ್ತದೆ. ಆಕಸ್ಮಿಕಕ್ಕಿಂತ ಮೇಲೆ ಗಳಿಸಬಹುದಾಗಿದ್ದುದು ಮೂವತ್ತೆರಡು, ಗಳಿಸಿದ್ದು ಹದಿನಾರು. ಹದಿನಾರನ್ನು ಮೂವತ್ತೆರಡರಿಂದ ಭಾಗಿಸಿದರೆ 0.5. ನಿಜವಾದ ಒಮ್ಮತ ಅರ್ಧ ಮಾತ್ರ. ಈ ಲೆಕ್ಕಕ್ಕೆ ‘ಕಪ್ಪಾ’ ಎಂದು ಹೆಸರು. ಜೇಕಬ್ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು 1960ರಲ್ಲಿ ಇದನ್ನು ಮುಂದಿಟ್ಟರು. ಇಬ್ಬರಿಗಿಂತ ಹೆಚ್ಚು ತೀರ್ಪುಗಾರರಿದ್ದಾಗ ಇದೇ ತತ್ತ್ವದ ಬೇರೆ ಅಳತೆಗಳನ್ನು ಬಳಸುತ್ತಾರೆ. ಯಂತ್ರವೊಂದು ‘ನೂರಕ್ಕೆ ಎಂಬತ್ತೈದು ಸರಿ’ ಎಂದು ಯಾರಾದರೂ ಹೇಳಿದಾಗ, ಯಾವ ಉತ್ತರಪತ್ರಕ್ಕೆ ಹೋಲಿಸಿ ಸರಿ, ಆ ಪತ್ರ ಬರೆದವರೊಳಗೆ ಒಮ್ಮತವೆಷ್ಟಿತ್ತು ಎಂದು ಕೇಳಬೇಕಾದುದು ಇದಕ್ಕಾಗಿಯೇ.

ಒಟ್ಟು ಅಂಕವು ಇನ್ನೊಂದನ್ನೂ ಮರೆಮಾಡುತ್ತದೆ. 2022ರಲ್ಲಿ ರೋಮನ್ ಅಕ್ಷರದ ಬೆರಕೆ ಕನ್ನಡದ ಒಂದೊಂದು ಪದಕ್ಕೂ ಭಾಷೆಯನ್ನು ಗುರುತಿಸುವ ಸ್ಪರ್ಧೆಯೊಂದು ಸಂಶೋಧಕರ ನಡುವೆ ನಡೆಯಿತು. ಕನ್ನಡ, ಇಂಗ್ಲಿಷ್, ಬೆರಕೆ ಪದ, ವ್ಯಕ್ತಿನಾಮ, ಸ್ಥಳನಾಮ, ಇತರ ಎಂದು ಆರು ವರ್ಗಗಳು. ಪದಗಳ ಸಂಖ್ಯೆಗೆ ತಕ್ಕಂತೆ ತೂಗಿದಾಗ ಅತ್ಯುತ್ತಮ ಯಂತ್ರದ ಅಂಕ ಒಂದಕ್ಕೆ 0.86. ಆರು ವರ್ಗಗಳಿಗೂ ಸಮಾನ ತೂಕ ಕೊಟ್ಟಾಗ ಅದು 0.62ಕ್ಕೆ ಇಳಿಯಿತು. ಹೇರಳವಾಗಿರುವ ವರ್ಗಗಳಲ್ಲಿ ಚೆನ್ನಾಗಿ ಗಳಿಸಿ, ವಿರಳವಾದವುಗಳಲ್ಲಿ ಸೋತಾಗ ಇಂತಹ ಅಂತರ ಕಾಣುತ್ತದೆ. ತರಗತಿಯ ಸರಾಸರಿ ಚೆನ್ನಾಗಿದ್ದರೂ ಹಿಂದಿನ ಬೆಂಚಿನ ಮಕ್ಕಳು ಅನುತ್ತೀರ್ಣರಾಗಿರಬಹುದು ಎಂಬುದನ್ನು ಅಧ್ಯಾಪಕರಿಗೆ ಹೇಳಿಕೊಡಬೇಕಾಗಿಲ್ಲ.

ದೋಷ ಎಲ್ಲಿದೆಯೆಂದು ತಿಳಿಯುವ ಬಗೆ

ಭಾಷೆ ಗುರುತಿಸುವ ಅಥವಾ ಅನುವಾದಿಸುವ ತಂತ್ರಾಂಶವು ತಪ್ಪು ಉತ್ತರ ಕೊಟ್ಟಾಗ ಕಾರಣವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಮೊದಲು ಅದೇ ಸಂದೇಶವನ್ನು ಅದೇ ಪದಗಳೊಡನೆ, ಸ್ಕೂಲು ಲೀವುಗಳನ್ನೂ ಹಾಗೆಯೇ ಉಳಿಸಿಕೊಂಡು, ಕನ್ನಡ ಲಿಪಿಯಲ್ಲಿ ಬರೆದುನೋಡಿ. ಉತ್ತರ ಸರಿಯಾದರೆ, ತಪ್ಪು ಬೆರಕೆಯದಲ್ಲ, ಲಿಪಿಯದು. ಸರಿಯಾಗದಿದ್ದರೆ ಇಂಗ್ಲಿಷ್ ಪದದ ಬದಲಿಗೆ ಕನ್ನಡ ಪದವನ್ನಿಟ್ಟು ನೋಡಿ. ಲೀವ್ ಹೋಗಿ ರಜೆ ಬರಲಿ. ಆಗ ಸರಿಯಾದರೆ ತೊಡಕು ಬೆರಕೆಯಲ್ಲಿತ್ತು. ರೋಮನ್‌ನಲ್ಲಿಯೇ `naale` ಎಂಬುದನ್ನು `nale` ಎಂದು ಬದಲಿಸಿದ ಮಾತ್ರಕ್ಕೆ ಉತ್ತರ ಬದಲಾದರೆ, ಆ ಯಂತ್ರ ಮಾತನ್ನು ತೂಗುತ್ತಿಲ್ಲ, ಬರಿಯ ಕಾಗುಣಿತವನ್ನು ತೂಗುತ್ತಿದೆ. ಮೇಲಿನ ಮಳೆಯ ಸಂದೇಶವನ್ನು ಕನ್ನಡ ಲಿಪಿಗೆ ತಂದ ಕೂಡಲೇ ಮಳೆ ಮಳೆಯೇ ಆಗುತ್ತದೆ, ಹೊಳೆ ಹೊಳೆಯೇ ಆಗುತ್ತದೆ. ‘ನಾಳೆ ಲೀವ್ ಇಲ್ಲ’ ಎಂಬುದು ಮಲೆಯಾಳದಿಂದ ಬೇರ್ಪಡುತ್ತದೆ. ಅನಿವಾರ್ಯವಾಗಿ ರೋಮನ್‌ನಲ್ಲಿ ಬರೆಯುವವರು ದೀರ್ಘಕ್ಕೆ ಎರಡು ಅಕ್ಷರಗಳನ್ನು ತಪ್ಪದೆ ಹಾಕಿದರೆ ಬಾಳೆಯಾದರೂ ಬಳೆಯಿಂದ ಬೇರೆಯಾಗಿ ಉಳಿದೀತು. ಬಲೆ ಬಳೆಗಳ ಜಗಳ ಮಾತ್ರ ಹಾಗೆಯೇ ಉಳಿಯುತ್ತದೆ.

ಆದರೆ ಲಿಪಿಯು ಎಲ್ಲಕ್ಕೂ ಮದ್ದಲ್ಲ. ‘ಯಾಕ್ಲೇ’ ಎಂಬುದನ್ನು ಎಷ್ಟು ಶುದ್ಧ ಕನ್ನಡ ಲಿಪಿಯಲ್ಲಿ ಬರೆದರೂ ಅದು ಸಲಿಗೆಯೋ ನಿಂದನೆಯೋ ಎಂಬುದು ಬರಹದಿಂದ ತಿಳಿಯುವುದಿಲ್ಲ. ಅದಕ್ಕೆ ಯಾರು ಯಾರಿಗೆ ಬರೆದರು, ಮೊದಲು ಏನು ನಡೆದಿತ್ತು, ಇಬ್ಬರೂ ಯಾವ ಸೀಮೆಯವರು ಎಂಬ ಮಾಹಿತಿ ಬೇಕು. ತೀರ್ಪುಗಾರರಿಗೆ ಬಿಡಿ ಸಂದೇಶದ ಬದಲು ಅದರ ಹಿಂದಿನ ನಾಲ್ಕಾರು ಸಂದೇಶಗಳನ್ನೂ ತೋರಿಸಬೇಕು. ಒಂದೇ ಊರಿನ ತೀರ್ಪುಗಾರರನ್ನು ಕೂರಿಸದೆ ಧಾರವಾಡ, ಮಂಗಳೂರು, ಮೈಸೂರುಗಳವರೊಡನೆ ಸೊಲ್ಲಾಪುರ, ಕಾಸರಗೋಡು, ಹೊಸೂರಿನವರನ್ನೂ ಕರೆಯಬೇಕು. ಅವರು ಒಮ್ಮತಕ್ಕೆ ಬಾರದಿದ್ದಾಗ ಬಹುಮತವನ್ನು ಸತ್ಯವೆಂದು ಬರೆಯದೆ, ಮೂವರಲ್ಲಿ ಇಬ್ಬರು ಹೀಗೆ, ಒಬ್ಬರು ಹಾಗೆ ಎಂದೇ ದಾಖಲಿಸಬೇಕು. ‘ಕನ್ನಡ’ ಮತ್ತು ‘ಕನ್ನಡವಲ್ಲ’ ಎಂಬ ಎರಡೇ ಚೀಟಿಗಳ ನಡುವೆ, ‘ಎರಡು ಭಾಷೆಗಳಿಗೂ ಸಲ್ಲುವುದು’ ಎಂಬ ಮೂರನೆಯ ಚೀಟಿಯೊಂದು ಇರಲೇಬೇಕು.

ಆ ಮೂರನೆಯ ಚೀಟಿ ಇಲ್ಲದಿರುವವರೆಗೆ, ನಾಳೆ ಲೀವ್ ಇಲ್ಲ ಎಂದು ಬರೆದ ಅಧ್ಯಾಪಕನ ಕನ್ನಡವು ಯಾರೋ ಆಡಿದ ಚೀಟಿಯಾಟದಲ್ಲಿ ಕನ್ನಡವೆನಿಸಬಹುದು, ಎನಿಸದಿರಲೂಬಹುದು.